ಹತ್ತು ನಿಮಿಷದ ಪಾಠ, ಅರವತ್ತು ಸೆಕೆಂಡಿನ ಪಾಠ

ಮೊನ್ನೆ ಹಾಸನದಿಂದ ಅಕ್ಕನ ಮಗಳ ಫೋನು. ಕಾಲೇಜಿನ ಅತಿಥಿ ಉಪನ್ಯಾಸಕಿ ಕೆಲಸ ಬಿಟ್ಟು, ಮನೆಯಿಂದಲೇ ದ್ವಿತೀಯ ಪಿಯುಸಿ ಮಕ್ಕಳಿಗೆ ಆನ್‌ಲೈನ್ ಗಣಿತ ಹೇಳಿಕೊಡುತ್ತಾಳೆ. “ಮಾಮಾ, ಶಾರ್ಟ್ಸ್ ಹಾಕಿದ್ರೆ ಸಬ್‌ಸ್ಕ್ರೈಬರ್ಸ್ ಸುರೀತಾರೆ, ಫೀಸು ಕಟ್ಟೋರು ಬರಲ್ಲ. ಉದ್ದ ವಿಡಿಯೋ ಯಾರೂ ನೋಡಲ್ಲ. ಏನ್ಮಾಡ್ಲಿ?” ಅಂದಳು. ಬಾಡಿಗೆ ಕಟ್ಟಬೇಕಾದವಳ ಪ್ರಶ್ನೆ ಅದು, ಸುಮ್ಮನೆ ಕೇಳಿದ್ದಲ್ಲ. ನನಗೋ ಹಳೇ ಕಥೆ ಹೇಳುವ ಚಟ.

ಯೂಟ್ಯೂಬಿನ ಪಾಠ ಎಷ್ಟುದ್ದ ಇರಬೇಕು ಅಂತ ಮೊದಲು ತೀರ್ಮಾನಿಸಿದ್ದು ಮೇಷ್ಟ್ರುಗಳಲ್ಲ, ಕಳ್ಳರು! ಟೀವಿ ಕಾರ್ಯಕ್ರಮ, ಸಿನಿಮಾಗಳನ್ನು ಜನ ಹಾಗೆ ಹಾಗೇ ಏರಿಸುತ್ತಿದ್ದರು ಅಂತ 2006ರ ಮಾರ್ಚಿನಲ್ಲಿ ಯೂಟ್ಯೂಬ್ ಹತ್ತು ನಿಮಿಷದ ಮಿತಿ ಹಾಕಿತು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಸಲ್ಮಾನ್ ಖಾನ್ (ನಮ್ಮ ನಟ ಅಲ್ಲ, ಹಣಕಾಸು ಸಂಸ್ಥೆಯೊಂದರಲ್ಲಿದ್ದವರು) ತಮ್ಮ ಸಂಬಂಧಿಕರ ಮಕ್ಕಳಿಗೆ ಫೋನಿನಲ್ಲಿ ಹೇಳುತ್ತಿದ್ದ ಗಣಿತವನ್ನು ಅಲ್ಲಿ ಹಾಕತೊಡಗಿದರು. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಸುವಂತಿರಲಿಲ್ಲ, ಹಾಗಾಗಿ ಒಂದು ವಿಡಿಯೋಗೆ ಒಂದೇ ವಿಷಯ. ಖಾನ್ ಅಕಾಡೆಮಿಯ ಆ ಗಾತ್ರವನ್ನು ಆಮೇಲೆ ಎಲ್ಲರೂ ಶಿಕ್ಷಣ ತತ್ವ ಅಂತಲೇ ಹೊಗಳಿದರು. ಅಂದಹಾಗೆ ಅವರದು ದೇಣಿಗೆಯಲ್ಲಿ ನಡೆಯುವ ಸಂಸ್ಥೆ. ಫೀಸು ಕಟ್ಟುವ ಹುಡುಗರನ್ನು ಹುಡುಕುವ ತಲೆನೋವು ಅವರಿಗಿರಲಿಲ್ಲ.

2010ರಲ್ಲಿ ಮಿತಿ ಸಡಿಲವಾಯಿತು. ಅದಕ್ಕಿಂತ ದೊಡ್ಡ ತಿರುವು 2012ರದ್ದು. ಎಷ್ಟು ಸಲ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಯೂಟ್ಯೂಬ್ ಹೆಚ್ಚು ಬೆಲೆ ಕೊಡಲು ಶುರುಮಾಡಿತು. ಉದ್ದ ಪಾಠಗಳಿಗೆ ಕಾಲ ಬಂತು. ಪ್ರಯಾಗ್‌ರಾಜ್‌ನ ಅಲಖ್ ಪಾಂಡೆ 2016ರಿಂದ ‘ಫಿಸಿಕ್ಸ್ ವಾಲಾ’ ಚಾನೆಲ್ಲಿನಲ್ಲಿ ಭೌತಶಾಸ್ತ್ರದ ಅಧ್ಯಾಯಗಳನ್ನು ಉದ್ದುದ್ದಕ್ಕೆ, ಪುಕ್ಕಟೆ ಹೇಳಿಕೊಟ್ಟರು. ಹಣ ಕಟ್ಟುವ ಆ್ಯಪ್ ತಂದದ್ದು 2020ರಲ್ಲಿ. ಅಷ್ಟು ವರ್ಷ ಅವರ ದನಿ ಕೇಳಿಕೊಂಡೇ ಓದಿದ್ದ ಹುಡುಗರಿಗೆ ಮೇಷ್ಟ್ರು ಹೇಗೆ ಅಂತ ಯಾರೂ ಹೇಳಬೇಕಿರಲಿಲ್ಲ.

2020ರ ಜೂನಿನಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗ ಶುರುವಾದದ್ದೂ ಇಲ್ಲೇ. ಇಲ್ಲಿ ನೋಡುವವನು ಏನನ್ನೂ ಹುಡುಕಿಕೊಂಡು ಬಂದಿರುವುದಿಲ್ಲ, ಬೆರಳು ಸರಿಸುತ್ತಾನೆ, ಎದುರಿಗೆ ಬಂದದ್ದನ್ನು ನೋಡುತ್ತಾನೆ.

ನಮ್ಮ ಹುಡುಗಿ ಎಡವಿದ್ದು ಇಲ್ಲೇ. 97×96 ಅನ್ನು ಬಾಯಲ್ಲೇ ಮಾಡುವುದು ಹೇಗೆ ಅಂತ 48 ಸೆಕೆಂಡಿನ ಶಾರ್ಟ್ಸ್ ಹಾಕಿದಳು. ನೂರಕ್ಕೆ ಕಡಿಮೆ ಬಿದ್ದದ್ದು 3 ಮತ್ತು 4. 97ರಲ್ಲಿ 4 ಕಳೆದರೆ 93, ಮೂರು ನಾಲ್ಕಲ ಹನ್ನೆರಡು, ಉತ್ತರ 9312. ವಾರದಲ್ಲಿ ಮೂರು ಸಾವಿರ ಸಬ್‌ಸ್ಕ್ರೈಬರ್ಸ್! ಸೇರಿದವರು ಇಬ್ಬರು. ಇಂಟಿಗ್ರೇಶನ್ ಮೇಲಿನ 40 ನಿಮಿಷದ ಪಾಠ ನೋಡಿದವರು ಒಂಬೈನೂರು ಜನ, ಅದರಿಂದ ಸೇರಿದವರು ಹನ್ನೊಂದು. ಅರ್ಜಿಯಲ್ಲಿ “ಯಾವ ವಿಡಿಯೋ ನೋಡಿ ಬಂದಿರಿ” ಅಂತ ಒಂದು ಸಾಲು ಇಟ್ಟಿದ್ದಳು, ಅದಕ್ಕೇ ಗೊತ್ತಾಯಿತು. ಗುಣಾಕಾರದ ಚಮತ್ಕಾರ ಇಷ್ಟಪಟ್ಟವರಲ್ಲಿ ಆರನೇ ಕ್ಲಾಸಿನ ಮಕ್ಕಳಿದ್ದರು, ರಿಟೈರಾದ ಯಜಮಾನರಿದ್ದರು. ಅವರಿಗೆ ಇಂಟಿಗ್ರೇಶನ್ ಯಾಕೆ?

ಇನ್ನೊಂದು ಎಡವಟ್ಟು ನೋಡಿ. ಹೊಸ ಬ್ಯಾಚಿನ ಬಗ್ಗೆ ಫೋನು ನೆಟ್ಟಗೆ ಹಿಡಿದು ಎರಡೂವರೆ ನಿಮಿಷ ಮಾತಾಡಿ, ಕೆಳಗೆ ಅರ್ಜಿಯ ಕೊಂಡಿ ಹಾಕಿದ್ದಳು. ಯಾರೂ ಒತ್ತಲಿಲ್ಲ. ಒತ್ತಲು ಆಗುತ್ತಲೇ ಇರಲಿಲ್ಲ! 2024ರ ಅಕ್ಟೋಬರ್ 15ರಿಂದ ಮೂರು ನಿಮಿಷದೊಳಗಿನ ನೆಟ್ಟಗಿನ ಅಥವಾ ಚೌಕದ ವಿಡಿಯೋ ತಾನಾಗಿ ಶಾರ್ಟ್ಸ್ ಆಗುತ್ತದೆ. ಶಾರ್ಟ್ಸ್ ವಿವರಣೆಯ, ಕಾಮೆಂಟಿನ ಕೊಂಡಿಗಳನ್ನು ಮೋಸಗಾರರ ಕಾಟಕ್ಕೆ 2023ರ ಆಗಸ್ಟ್ ಕೊನೆಯಲ್ಲೇ ನಿಷ್ಕ್ರಿಯ ಮಾಡಿದ್ದರು. ಮತ್ತೆ ಕಳ್ಳರ ಕಾರಣಕ್ಕೆ ಮೇಷ್ಟ್ರಿಗೆ ಕಟ್ಟುಪಾಡು, ಹದಿನೇಳು ವರ್ಷದ ಮೇಲೆ.

ಶಾರ್ಟ್ಸ್‌ನಿಂದ ತನ್ನದೇ ಇನ್ನೊಂದು ವಿಡಿಯೋಗೆ ದಾರಿ ಕೊಡಲು ಮಾತ್ರ ‘ಸಂಬಂಧಿತ ವಿಡಿಯೋ’ ಅನ್ನುವ ಸೌಲಭ್ಯ ಇದೆ. ಆ ಮೂರು ಸಾವಿರವನ್ನು ಮರೆತುಬಿಡು, ಉದ್ದ ಪಾಠದೊಳಗಿಂದಲೇ ಒಂದು ತುಂಡು ತೆಗೆ ಅಂದೆ. ∫ x eˣ dx ಲೆಕ್ಕದಲ್ಲಿ eˣ ಅನ್ನು ಮೊದಲನೆಯದಾಗಿ ತೆಗೆದುಕೊಂಡರೆ ಲೆಕ್ಕ ಬಿಡಿಸಿಕೊಳ್ಳುವ ಬದಲು ಇನ್ನೂ ಗಂಟಾಗುತ್ತದೆ. ಅದನ್ನಷ್ಟೇ ತೋರಿಸಿ ನಿಲ್ಲಿಸಿದಳು. ಬಿಡಿಸುವುದು 40 ನಿಮಿಷದ ಪಾಠದಲ್ಲಿ, ಅರ್ಜಿಯ ಕೊಂಡಿ ಇರುವುದೂ ಅದರ ಕೆಳಗೇ.

ಇದನ್ನು ನೋಡಿದವರು ತೀರಾ ಕಡಿಮೆ, ಸಬ್‌ಸ್ಕ್ರೈಬರ್ಸ್ ಇಪ್ಪತ್ತೋ ಮೂವತ್ತೋ ಅಷ್ಟೇ. ಅವಳಿಗೆ ಬೇಜಾರು. ಆದರೆ ಭಾನುವಾರ ಬಂದ ಐದು ಅರ್ಜಿಗಳಲ್ಲಿ ಮೂರರಲ್ಲಿ “eˣ ವಿಡಿಯೋ” ಅಂತ ಬರೆದಿತ್ತಂತೆ. ಐದರಲ್ಲಿ ಮೂರು ಅಂದ್ರೆ ಏನೂ ಹೇಳಕ್ಕಾಗಲ್ಲ ಮಾಮಾ, ಗಣಿತದವಳು ನಾನು, ಅಂತ ನನಗೇ ಪಾಠ ಹೇಳಿ ಫೋನಿಟ್ಟಳು.