ಗುರುದ್ವಾರದ ಲಂಗರ್: ಎಲ್ಲರಿಗೂ ಒಂದೇ ಪಂಕ್ತಿ ಏಕೆ?

ಗುರುದ್ವಾರದಲ್ಲಿ ಬಂದವರಿಗೆಲ್ಲ ಉಚಿತವಾಗಿ ಊಟ ಬಡಿಸುವ ವ್ಯವಸ್ಥೆಯೇ ಲಂಗರ್. ಗುರು ನಾನಕರಿಂದ ಆರಂಭವಾದ ಈ ಪದ್ಧತಿಯನ್ನು 16ನೇ ಶತಮಾನದಲ್ಲಿ ಮೂರನೇ ಗುರು ಅಮರದಾಸರು ಪಂಜಾಬಿನ ಗೋಯಿಂದವಾಲದಲ್ಲಿ ನಿಯಮವಾಗಿಸಿದರು. ತಮ್ಮನ್ನು ಕಾಣಬಂದವರು ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕಿತ್ತು. ಅಕ್ಬರ್ ಬಾದಶಹನೂ ಹಾಗೆಯೇ ಉಂಡನೆಂಬ ಪ್ರತೀತಿಯಿದೆ.

ಸಹಪಂಕ್ತಿ ಭೋಜನಕ್ಕೆ ಜಾತಿ ಅಡ್ಡಬರುತ್ತಿದ್ದ ಕಾಲವದು. ಪಕ್ಕದಲ್ಲಿ ಕುಳಿತವರು ಯಾರು, ಬೇಯಿಸಿದವರು ಯಾರು ಎಂಬ ಎಣಿಕೆ ಬಿಟ್ಟವರಿಗಷ್ಟೇ ಗುರುವಿನ ಭೇಟಿ. ಇಂದಿಗೂ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ಯಾರಿಗೂ ಅಡ್ಡಿಯಾಗದಿರಲೆಂದು ಊಟ ಸಸ್ಯಾಹಾರ. ಸಾಮಾನ್ಯವಾಗಿ ದಾಲ್, ರೊಟ್ಟಿ. ಹಿಟ್ಟು ನಾದುವುದು, ತಟ್ಟೆ ತೊಳೆಯುವುದು ಸೇವೆಯೇ. ಉಂಡವರೂ ಅದಕ್ಕೆ ಕೈಜೋಡಿಸಬಹುದು.

ಬೀದರ್‌ನ ನಾನಕ್ ಝೀರಾ ಗುರುದ್ವಾರದಲ್ಲೂ ಲಂಗರ್ ಇದೆ. ಪಾದರಕ್ಷೆ ಕಳಚಿ, ತಲೆಗೆ ಬಟ್ಟೆ ಹೊದ್ದು ಒಳಹೋದರೆ ಸಾಕು.