ಫಾನ್ ಮಾರುತ

ಆಲ್ಪ್ಸ್ ಪರ್ವತಗಳನ್ನು ದಾಟಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯಗಳ ಕಣಿವೆಗಳಿಗೆ ಇಳಿಯುವ ಬೆಚ್ಚನೆಯ ಒಣಗಾಳಿ. ಇದು ಬೀಸಿದರೆ ನಡು ಚಳಿಗಾಲದಲ್ಲೂ ಕೆಲವೇ ಗಂಟೆಗಳಲ್ಲಿ ಹಿಮ ಕರಗುತ್ತದೆ, ಮರದ ಮನೆಗಳು ಒಣಗಿ ಸೌದೆಯಂತಾಗುತ್ತವೆ. 1861ರ ಮೇ 10ರ ರಾತ್ರಿ ಸ್ವಿಟ್ಜರ್ಲೆಂಡಿನ ಗ್ಲಾರುಸ್ ಪಟ್ಟಣದಲ್ಲಿ ಹೊತ್ತಿಕೊಂಡ ಬೆಂಕಿಯನ್ನು ಈ ಗಾಳಿ ಮನೆಯಿಂದ ಮನೆಗೆ ಹಾರಿಸಿತು. ಸುಮಾರು 600 ಕಟ್ಟಡಗಳು ಸುಟ್ಟುಹೋದವು.

ಈ ಬಿಸಿ ಎಲ್ಲಿಂದ ಬರುತ್ತದೆ ಎಂಬುದು ಆಗ ದೊಡ್ಡ ವಿವಾದ. ಗಾಳಿ ದಕ್ಷಿಣದಿಂದ ಬರುವುದರಿಂದ ಇದು ಸಹಾರಾದ ಗಾಳಿಯೆಂದು ಸ್ವಿಸ್ ಭೂವಿಜ್ಞಾನಿ ಎಷರ್ ಫಾನ್ ಡೆರ್ ಲಿಂತ್ ನಂಬಿದ್ದರು. ಸಹಾರಾ ಹಿಂದೆ ಸಮುದ್ರವಾಗಿತ್ತು, ಅದು ಬತ್ತಿದ ಮೇಲೆ ಹುಟ್ಟಿದ ಬಿಸಿಗಾಳಿಯೇ ಆಲ್ಪ್ಸ್‌ನ ಹಿಮನದಿಗಳನ್ನು ಕುಗ್ಗಿಸಿತು ಎಂಬುದು ಅವರ ವಾದ. ಬರ್ಲಿನ್ನಿನ ಹವಾಮಾನಜ್ಞ ಡೋವೆ ಇದನ್ನು ಒಪ್ಪದೆ, ಗಾಳಿಯ ಮೂಲ ಕೆರಿಬಿಯನ್ ಕಡಲು ಎಂದರು. ಬಿಸಿಯನ್ನು ಗಾಳಿ ಎಲ್ಲಿಂದಲೋ ಹೊತ್ತು ತರುತ್ತದೆ ಎಂಬ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಆ ನಂಬಿಕೆಯನ್ನೇ ಬುಡಮೇಲು ಮಾಡಿದವರು ವಿಯೆನ್ನಾದ ಹವಾಮಾನಜ್ಞ ಯೂಲಿಯುಸ್ ಹಾನ್. 1866ರ ಲೇಖನದಲ್ಲಿ ಅವರು ಗ್ರೀನ್‌ಲ್ಯಾಂಡಿನ ಉದಾಹರಣೆ ಕೊಟ್ಟರು. ಅಲ್ಲಿನ ಪಶ್ಚಿಮ ಕರಾವಳಿಗೂ ಇಂಥದೇ ಬೆಚ್ಚನೆಯ ಗಾಳಿ ಬೀಸುತ್ತದೆ. ಆದರೆ ಅದು ಇಳಿದು ಬರುವುದು ಒಳನಾಡಿನ ಹಿಮದ ಮೇಲಿನಿಂದ. ಅಲ್ಲಿ ಯಾವ ಮರುಭೂಮಿಯೂ ಇಲ್ಲ. ಅಂದಮೇಲೆ ಗಾಳಿಗೆ ಬಿಸಿ ಹುಟ್ಟುವುದು ಇಳಿಯುವ ದಾರಿಯಲ್ಲೇ. ಇಡೀ ವಿವಾದದಲ್ಲಿ ಇಷ್ಟು ನೇರವಾದ ತರ್ಕ ಇನ್ನೊಂದಿಲ್ಲ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಕೈಗೆ ಬೆಚ್ಚಗೆ ಹತ್ತುತ್ತದೆ. ಅದರ ಮುಖ್ಯ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತದೆ. ಕೆಳಗಿಳಿದಷ್ಟೂ ವಾಯುವಿನ ಒತ್ತಡ ಹೆಚ್ಚು. ಇಳಿಯುವ ಗಾಳಿಯನ್ನು ಸುತ್ತಲಿನ ವಾಯು ಅದುಮುತ್ತದೆ. ಅದುಮಲು ವ್ಯಯವಾದ ಶಕ್ತಿ ಅದರೊಳಗೆ ಶಾಖವಾಗುತ್ತದೆ. ಇಳಿತ ಬಹಳ ಬೇಗ ನಡೆಯುವುದರಿಂದ ಆ ಶಾಖ ಹೊರಗೆ ಹರಿದುಹೋಗಲು ಸಮಯವಿಲ್ಲ. ಹೀಗಾಗಿ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಏರುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ಇದನ್ನು ಅಳೆದೇ ನೋಡಬಹುದು. ಗ್ಯೂಟ್ಷ್ ಶಿಖರದ ಹವಾಮಾನ ಕೇಂದ್ರ ಸುಮಾರು 2,290 ಮೀಟರ್ ಎತ್ತರದಲ್ಲಿದೆ, ಕಣಿವೆಯ ಆಲ್ಟ್‌ಡಾರ್ಫ್ ಸುಮಾರು 440 ಮೀಟರ್. ಮೇಲೆ 0 ಡಿಗ್ರಿ ಇದ್ದ ಗಾಳಿ 1,850 ಮೀಟರ್ ಇಳಿದು ಬಂದರೆ ಕೆಳಗೆ ಸುಮಾರು 18 ಡಿಗ್ರಿ ಇರಬೇಕು. ಹೊರಟಾಗ ತೇವದಿಂದ ತುಂಬಿದ್ದರೂ ಇಲ್ಲಿ ಅದರ ಸಾಪೇಕ್ಷ ಆರ್ದ್ರತೆ ಶೇ. 40ರೊಳಗೆ ಇಳಿದಿರುತ್ತದೆ. ಗಾಳಿಯಲ್ಲಿನ ನೀರಾವಿ ಕಡಿಮೆಯಾಗಿರುವುದಿಲ್ಲ. ಬಿಸಿಯಾದ್ದರಿಂದ ಅದು ಇನ್ನಷ್ಟು ಆವಿ ಹಿಡಿಯಬಲ್ಲದು, ಅಷ್ಟೇ.

ಗಾಳಿ ಬರುವ ಬದಿಯಲ್ಲಿ ಮಳೆ ಸುರಿದರೆ, ಆವಿ ಹನಿಯಾಗುವಾಗ ಬಿಟ್ಟ ಶಾಖವೂ ಇದಕ್ಕೆ ಸೇರುತ್ತದೆ. ಪಠ್ಯಪುಸ್ತಕಗಳು ಈ ಮಳೆಯನ್ನೇ ಮುಖ್ಯ ಕಾರಣವಾಗಿ ಚಿತ್ರಿಸುತ್ತ ಬಂದವು. ಆದರೆ ಆಚೆ ಬದಿಯಲ್ಲಿ ಹನಿ ಮಳೆಯಿಲ್ಲದಾಗಲೂ ಫಾನ್ ಬೀಸುತ್ತದೆ. ಎಷ್ಟೋ ಸಲ ಆಚೆಯ ತಂಪು ಗಾಳಿ ಪರ್ವತದ ಬುಡದಲ್ಲೇ ತಡೆದು ನಿಂತಿರುತ್ತದೆ. ಕಣಿವೆಗೆ ಇಳಿಯುವುದು ಶಿಖರಮಟ್ಟದಲ್ಲಿ ಹರಿದು ಬಂದ ಗಾಳಿ. ಆದ್ದರಿಂದ ಫಾನ್ ಗುರುತಿಸಲು ಹವಾಮಾನಜ್ಞರು ಮಳೆಯನ್ನು ನೆಚ್ಚುವುದಿಲ್ಲ. ಗಾಳಿ ಶಿಖರದ ಕಡೆಯಿಂದ ಜೋರಾಗಿ ಬೀಸುತ್ತಿದೆಯೇ, ಆರ್ದ್ರತೆ ಕುಸಿದಿದೆಯೇ, ಗ್ಯೂಟ್ಷ್‌ಗೂ ಆಲ್ಟ್‌ಡಾರ್ಫ್‌ಗೂ ನಡುವಿನ ತಾಪಮಾನದ ಅಂತರ ಆ 18 ಡಿಗ್ರಿಯ ಹತ್ತಿರ ಬಂದಿದೆಯೇ ಎಂದು ನೋಡುತ್ತಾರೆ.