ಶೇಷ ಮುಗಿಯದ ಭಾಗಾಕಾರ

1ನ್ನು 3ರಿಂದ ಭಾಗಿಸುವ ಲೆಕ್ಕ ಎಲ್ಲರೂ ಪ್ರಾಥಮಿಕ ಶಾಲೆಯಲ್ಲೇ ಮಾಡಿರುತ್ತೇವೆ. ಹತ್ತರಲ್ಲಿ ಮೂರು ಮೂರು ಸಲ, ಒಂಬತ್ತು ಕಳೆದರೆ ಶೇಷ 1. ಸೊನ್ನೆ ಇಳಿಸಿಕೊಂಡರೆ ಮತ್ತೆ ಹತ್ತು, ಮತ್ತೆ ಮೂರು, ಮತ್ತೆ ಶೇಷ 1. ನಾಲ್ಕು ಸಾಲು ಆಗುವಷ್ಟರಲ್ಲಿ ಬೇಸರ ಬಂದು 0.333 ಬರೆದು ಮೂರು ಚುಕ್ಕಿ ಇಟ್ಟು ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಪ್ರಥಮ ಪಿಯುಸಿಯಲ್ಲಿ ‘ಮಿತಿ’ ಎಂಬ ಅಧ್ಯಾಯ ಎದುರಾದಾಗ ಆಗುವ ತೊಡಕೆಲ್ಲ ಆ ಮೂರು ಚುಕ್ಕಿಗಳಲ್ಲೇ ಅಡಗಿದೆ. ಶಾಲೆಯ ಗಣಿತದಲ್ಲಿ ಲೆಕ್ಕ ಎಂದರೆ ಮುಗಿಯಬೇಕು, ಉತ್ತರ ಬರಬೇಕು. ಇಲ್ಲಿ ಮುಗಿಯದ ಲೆಕ್ಕಕ್ಕೂ ಉತ್ತರವಿದೆ ಎನ್ನುತ್ತಾರೆ.

ಚುಕ್ಕಿ ಇಡುವ ಮೊದಲು ಶೇಷವನ್ನು ಒಮ್ಮೆ ಸರಿಯಾಗಿ ನೋಡೋಣ. ಪ್ರತಿ ಸಾಲಿನಲ್ಲೂ ‘ಶೇಷ 1’ ಎಂದು ಬರೆದರೂ ಅದು ಅದೇ 1 ಅಲ್ಲ; ಪ್ರತಿ ಸಲ ಒಂದು ಸ್ಥಾನ ಬಲಕ್ಕೆ ಸರಿದಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ 1/3 = 0.3 + 1/30. ಇನ್ನೊಂದು ಸಾಲು ಮಾಡಿದರೆ 1/3 = 0.33 + 1/300. ಮತ್ತೊಂದು, 1/3 = 0.333 + 1/3000. ಇಲ್ಲಿ ಚುಕ್ಕಿಯೂ ಇಲ್ಲ, ‘ಸುಮಾರು’ ಎಂಬ ಮಾತೂ ಇಲ್ಲ. ಪ್ರತಿ ಸಾಲೂ ಕರಾರುವಾಕ್ಕಾದ ಸಮ. ಮಿತಿಯ ಕಲ್ಪನೆ ಬೆಳೆದು ಬಂದ ಎರಡು ಸಾವಿರ ವರ್ಷಗಳ ಕಥೆಯನ್ನು ಈ ಶೇಷದ ಲೆಕ್ಕ ಯಾರು ಇಟ್ಟರು, ಯಾರು ಕೈಬಿಟ್ಟರು ಎಂಬ ದೃಷ್ಟಿಯಿಂದ ಓದಿದರೆ ಪಿಯುಸಿ ವಿದ್ಯಾರ್ಥಿಗೂ ದಾರಿ ಸ್ಪಷ್ಟವಾಗುತ್ತದೆ.

ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಆರ್ಕಿಮಿಡೀಸ್ ಪರವಲಯದ ಒಂದು ತುಂಡಿನ ಕ್ಷೇತ್ರಫಲ ಕಂಡುಹಿಡಿಯಲು ಅದರೊಳಗೆ ತ್ರಿಕೋನ ತುಂಬುತ್ತ ಹೋದ. ಪ್ರತಿ ಹಂತದಲ್ಲಿ ಹೊಸದಾಗಿ ಸೇರುವ ತ್ರಿಕೋನಗಳ ಒಟ್ಟು ಕ್ಷೇತ್ರಫಲ ಹಿಂದಿನ ಹಂತದ ಕಾಲು ಭಾಗ. ಹಾಗಾಗಿ ಮೊದಲ ತ್ರಿಕೋನವನ್ನು 1 ಎಂದು ಹಿಡಿದರೆ 1 + 1/4 + 1/16 ಎಂದು ಕೂಡಿಸುತ್ತ ಹೋಗಬೇಕು. ಅವನು ‘ಅನಂತದವರೆಗೆ ಕೂಡಿಸಿ’ ಎನ್ನಲಿಲ್ಲ. ಯಾವ ಹಂತದಲ್ಲಿ ನಿಲ್ಲಿಸಿದರೂ, ಕೊನೆಯ ಪದದ ಮೂರನೇ ಒಂದು ಭಾಗವನ್ನು ಸೇರಿಸಿದರೆ ಮೊತ್ತ ಸರಿಯಾಗಿ 4/3 ಆಗುತ್ತದೆ ಎಂದು ತೋರಿಸಿದ. ಆಮೇಲೆ, ಕ್ಷೇತ್ರಫಲ 4/3ಕ್ಕಿಂತ ಹೆಚ್ಚೂ ಇರಲಾರದು, ಕಡಿಮೆಯೂ ಇರಲಾರದು ಎಂದು ವಾದಿಸಿ ಮುಗಿಸಿದ.

ಇದೇ ಶ್ರೇಢಿ ಕೇರಳದಲ್ಲಿ ಮತ್ತೆ ಕಾಣಿಸುತ್ತದೆ. 1444ರಲ್ಲಿ ಹುಟ್ಟಿದ ನೀಲಕಂಠ ಸೋಮಯಾಜಿ ತನ್ನ ಆರ್ಯಭಟೀಯ ಭಾಷ್ಯದಲ್ಲಿ 1/4 + 1/16 + 1/64 ಎಂದು ಹೋಗುವ ಮೊತ್ತ 1/3 ಎನ್ನುತ್ತಾನೆ. ನನಗೆ ಮುಖ್ಯವೆನಿಸುವುದು ಉತ್ತರವಲ್ಲ, ಅವನು ಎತ್ತುವ ಪ್ರಶ್ನೆ. ಮೊತ್ತ ಅಷ್ಟರವರೆಗೆ ಮಾತ್ರ ಬೆಳೆಯುತ್ತದೆ, ಅಷ್ಟರವರೆಗೆ ಬೆಳೆದೇ ಬೆಳೆಯುತ್ತದೆ ಎಂದು ತಿಳಿಯುವುದು ಹೇಗೆ ಎಂದು ಕೇಳುತ್ತಾನೆ. ಮಿತಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೇ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇದನ್ನು ಕೇಳದೆ ಸೂತ್ರಕ್ಕೆ ಹೋಗಿಬಿಡುತ್ತವೆ.

ಅವನು ಕೊಡುವ ಉತ್ತರ ಭಿನ್ನರಾಶಿ ಕಳೆಯಲು ಬರುವ ಯಾರಿಗೂ ಅರ್ಥವಾಗುತ್ತದೆ. 1/3ರಿಂದ 1/4 ಕಳೆಯಿರಿ, ಉಳಿಯುವುದು 1/12. ಅದರಿಂದ 1/16 ಕಳೆಯಿರಿ, ಉಳಿಯುವುದು 1/48. ಅದರಿಂದ 1/64 ಕಳೆದರೆ 1/192. ಪ್ರತಿ ಸಲ ಉಳಿಕೆ ಹಿಂದಿನದರ ಕಾಲು ಭಾಗ. ಅದು ಎಂದೂ ಸೊನ್ನೆಯಾಗುವುದಿಲ್ಲ, ಹಾಗಾಗಿ ಮೊತ್ತ 1/3ನ್ನು ಎಂದೂ ದಾಟುವುದಿಲ್ಲ. ಪ್ರಶ್ನೆಯ ಅರ್ಧಕ್ಕೆ ಉತ್ತರವಾಯಿತು. ಉಳಿದರ್ಧಕ್ಕೆ ಯಾರಾದರೂ ಹಟ ಮಾಡಲಿ: ಮೊತ್ತ 1/3 ಅಲ್ಲ, ಅದಕ್ಕಿಂತ ಹತ್ತು ಲಕ್ಷದಲ್ಲಿ ಒಂದು ಪಾಲು ಕಡಿಮೆ ಎನ್ನಲಿ. ಹತ್ತು ಪದ ಕೂಡಿಸಿ ನೋಡಿದರೆ ಉಳಿಕೆ 1/31,45,728. ಅದು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಚಿಕ್ಕದು, ಅಂದರೆ ಮೊತ್ತ ಅವರು ಹೇಳಿದ ಸಂಖ್ಯೆಯನ್ನು ಆಗಲೇ ದಾಟಿದೆ. ಕೋಟಿಯಲ್ಲಿ ಒಂದು ಪಾಲು ಎಂದರೆ ಇನ್ನೂ ಒಂದು ಪದ ಕೂಡಿಸಿದರೆ ಸಾಕು. 1/3ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆ ಹೇಳಿದರೂ ಮೊತ್ತ ಒಂದಲ್ಲ ಒಂದು ಹಂತದಲ್ಲಿ ಅದನ್ನು ಹಿಂದೆ ಹಾಕುತ್ತದೆ; ಹಾಗಾಗಿ 1/3 ಬಿಟ್ಟು ಬೇರೆ ಉತ್ತರಕ್ಕೆ ಜಾಗವಿಲ್ಲ. ಮೊತ್ತ 1/3ನ್ನು ‘ಮುಟ್ಟಿತೇ’ ಎಂಬ ಜಗಳ ಇಲ್ಲಿ ಬೇಕಾಗಿಯೇ ಇಲ್ಲ.

ಈಗ 0.999… ಎಂಬ ಹಳೆಯ ಕಗ್ಗಂಟಿಗೆ ಬರೋಣ. ಇದು 1ಕ್ಕೆ ಸಮವೋ, ಸ್ವಲ್ಪ ಕಡಿಮೆಯೋ? ಡೇವಿಡ್ ಟಾಲ್ ಮತ್ತು ಶ್ವಾರ್ಜೆನ್‌ಬರ್ಗರ್ 1978ರ ಲೇಖನವೊಂದರಲ್ಲಿ ವಿಶ್ವವಿದ್ಯಾಲಯದ ಮೊದಲ ವರ್ಷದವರಿಗೆ ಈ ಪ್ರಶ್ನೆ ಹಾಕಿದ್ದನ್ನು ಬರೆದಿದ್ದಾರೆ. ಹೆಚ್ಚಿನವರು ಕಡಿಮೆ ಎಂದೇ ಹೇಳಿದ್ದರು. ನಮ್ಮ ತರಗತಿಗಳಲ್ಲಿ ಇದಕ್ಕೆ ಕೊಡುವ ಮದ್ದು ಗೊತ್ತಿರುವುದೇ: x = 0.999… ಆದರೆ 10x = 9.999…, ಕಳೆದರೆ 9x = 9, ಆದ್ದರಿಂದ x = 1. ಹುಡುಗರು ತಲೆಯಾಡಿಸುತ್ತಾರೆ, ಒಳಗೊಳಗೇ ಒಪ್ಪುವುದಿಲ್ಲ. ಅವರ ಅನುಮಾನದಲ್ಲಿ ಹುರುಳಿದೆ. ಇದೇ ಕೈಚಳಕವನ್ನು 1 + 2 + 4 + 8 ಎಂದು ಹೋಗುವ ಮೊತ್ತದ ಮೇಲೆ ಪ್ರಯೋಗಿಸಿ. ಮೊತ್ತ S ಎಂದಿಟ್ಟುಕೊಂಡರೆ S = 1 + 2S, ಆದ್ದರಿಂದ S = −1. ಧನ ಸಂಖ್ಯೆಗಳನ್ನು ಕೂಡಿಸಿ ಋಣ ಉತ್ತರ! ಬೀಜಗಣಿತದಲ್ಲಿ ತಪ್ಪಿಲ್ಲ, ಇಲ್ಲದ ಮೊತ್ತಕ್ಕೆ S ಎಂದು ಹೆಸರಿಟ್ಟದ್ದೇ ತಪ್ಪು. 0.999…ಕ್ಕೆ ಮೊತ್ತ ಇದೆ ಎಂದು ಹೇಳುವ ಹಕ್ಕು ಬರುವುದು ಶೇಷದಿಂದ: 1ರಿಂದ 0.9 ಕಳೆದರೆ 1/10, 0.99 ಕಳೆದರೆ 1/100. ಈ ಉಳಿಕೆಯನ್ನು ಬೇಕಾದಷ್ಟು ಕಿರಿದು ಮಾಡಬಹುದು. 1 + 2 + 4ರಲ್ಲಿ ಅಂಥ ಹಿಡಿತ ಯಾವ ಸಂಖ್ಯೆಯ ಮೇಲೂ ಸಿಗುವುದಿಲ್ಲ.

ಶೇಷವನ್ನು ಬಲ್ಲವರು ಅದನ್ನು ಕೆಲಸಕ್ಕೂ ಹಚ್ಚಿದರು. ನೀಲಕಂಠನಿಗಿಂತ ಹಿಂದಿನ ಮಾಧವನ ಹೆಸರಿನಲ್ಲಿ ಬಂದಿರುವ ಶ್ರೇಣಿ 1 − 1/3 + 1/5 − 1/7 ಎಂದು ಸಾಗಿ π/4ರತ್ತ ಹೋಗುತ್ತದೆ, ಆದರೆ ಬಲು ನಿಧಾನ. ಹತ್ತು ಪದ ಕೂಡಿಸಿ ನಾಲ್ಕರಿಂದ ಗುಣಿಸಿದರೆ ಬರುವುದು 3.0418, ಮೊದಲ ದಶಮಾಂಶವೇ ತಪ್ಪು. ಕೇರಳದವರು ಕೂಡಿಸುತ್ತ ಕೂರಲಿಲ್ಲ. ನಿಲ್ಲಿಸಿದ ಜಾಗದಲ್ಲಿ ಉಳಿಕೆ ಎಷ್ಟಿರಬಹುದೆಂದು ಅಂದಾಜು ಮಾಡಿ ಅದನ್ನೇ ಸೇರಿಸಿದರು. ಇದಕ್ಕೆ ಅಂತ್ಯಸಂಸ್ಕಾರ ಎಂದು ಹೆಸರು. ಅವರ ಸಂಸ್ಕಾರಗಳಲ್ಲಿ ಅತಿ ಸರಳವಾದದ್ದರ ಪ್ರಕಾರ n ಪದಗಳ ನಂತರದ ಉಳಿಕೆ ಸುಮಾರು 1/(4n). ಹತ್ತು ಪದಕ್ಕೆ ನಾಲ್ಕರಿಂದ ಗುಣಿಸಿದ ಮೇಲೆ ಅದು 0.1 ಆಗುತ್ತದೆ. ಸೇರಿಸಿದರೆ 3.1418. ನಿಜವಾದ ಬೆಲೆ 3.1416. ಇದನ್ನು ಕ್ಯಾಲ್ಕುಲೇಟರ್ ಹಿಡಿದು ಹತ್ತು ನಿಮಿಷದಲ್ಲಿ ಮಾಡಿ ನೋಡಬಹುದು.

ಹದಿನೇಳನೇ ಶತಮಾನದ ಯೂರೋಪಿನಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಕಲನಶಾಸ್ತ್ರವನ್ನು ಕಟ್ಟಿದಾಗ ಲೆಕ್ಕ ವೇಗ ಪಡೆಯಿತು, ಶೇಷ ಮಾತ್ರ ಮರೆಗೆ ಸರಿಯಿತು. x² ಬದಲಾಗುವ ದರ ಬೇಕು. x ಅನ್ನು h ನಷ್ಟು ಹೆಚ್ಚಿಸಿದರೆ x² ಹೆಚ್ಚುವುದು 2xh + h² ಅಷ್ಟು. h ನಿಂದ ಭಾಗಿಸಿದರೆ 2x + h. ಈಗ h ಅನ್ನು ಬಿಟ್ಟುಬಿಡಿ, ಉತ್ತರ 2x. 1734ರಲ್ಲಿ ಐರ್ಲೆಂಡಿನ ಬಿಷಪ್ ಬರ್ಕ್ಲಿ ಇದನ್ನು ಹಿಡಿದು ಗೇಲಿ ಮಾಡಿದ. ಭಾಗಿಸುವಾಗ h ಸೊನ್ನೆಯಲ್ಲ, ಬಿಡುವಾಗ ಸೊನ್ನೆ. ಎರಡೂ ಹೇಗೆ ಸಾಧ್ಯ? ಸೊನ್ನೆಯಿಂದ ಭಾಗಿಸುವುದು ಅದಕ್ಕೂ ಬಹಳ ಹಿಂದೆಯೇ ದೊಡ್ಡವರನ್ನು ಎಡವಿಸಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲ ಎಂದ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯ ಅದನ್ನು ಖಹರ ಎಂದು ಕರೆದು ಅನಂತ ಎಂದ. ಬರ್ಕ್ಲಿಯ ಆಕ್ಷೇಪ ನ್ಯಾಯವಾದದ್ದು, ಮತ್ತು ಇವತ್ತಿನ ವಿದ್ಯಾರ್ಥಿಯ ಆಕ್ಷೇಪವೂ ಅದೇ.

ಉತ್ತರ ನಿಧಾನವಾಗಿ ಬಂತು. ಡಿ’ಅಲೆಂಬರ್ ಹದಿನೆಂಟನೇ ಶತಮಾನದಲ್ಲಿ ಮಿತಿ ಎಂಬ ಮಾತನ್ನೇ ತಳಹದಿಯಾಗಿ ಮುಂದಿಟ್ಟ. 1821ರಲ್ಲಿ ಕೋಶಿ ತನ್ನ ಪಠ್ಯಪುಸ್ತಕದಲ್ಲಿ ಅದರ ಮೇಲೆ ಇಡೀ ಶಾಸ್ತ್ರವನ್ನು ಕಟ್ಟಿದ, ಅಸಮತೆಗಳಿಂದ ವಾದಿಸುವ ಕ್ರಮ ತಂದ. ಬರ್ಲಿನ್‌ನಲ್ಲಿ ಪಾಠ ಹೇಳುತ್ತಿದ್ದ ವಯರ್‌ಸ್ಟ್ರಾಸ್ ಅದಕ್ಕೆ ಇವತ್ತಿನ ε–δ ರೂಪ ಕೊಟ್ಟ. ತಿರುಳು ಮಾತ್ರ ನೀಲಕಂಠನ ಉಳಿಕೆಯ ಲೆಕ್ಕವೇ. x = 5 ಎಂದಿಟ್ಟುಕೊಳ್ಳಿ; 2x + h ಎಂದರೆ 10 + h. ಇದು 10ರಿಂದ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ದೂರದಲ್ಲಿರಬೇಕೇ? h ಅನ್ನು ಸಾವಿರದಲ್ಲಿ ಒಂದು ಪಾಲಿಗಿಂತ ಚಿಕ್ಕದಾಗಿ ಹಿಡಿಯಿರಿ. ಕೋಟಿಯಲ್ಲಿ ಒಂದು ಪಾಲು ಬೇಕೇ? ಹಾಗೆಯೇ. h ಎಲ್ಲಿಯೂ ಸೊನ್ನೆಯಾಗಲಿಲ್ಲ, ಭಾಗಾಕಾರ ಕೆಡಲಿಲ್ಲ, ಏನನ್ನೂ ಬಿಟ್ಟುಬಿಡಲಿಲ್ಲ. ‘ಮಿತಿ 10’ ಎಂದರೆ ಎಷ್ಟೇ ಕಿರಿದಾದ ಅಂತರ ಕೇಳಿದರೂ ಅದನ್ನು ಒದಗಿಸಬಲ್ಲೆವು ಎಂದಷ್ಟೇ ಅರ್ಥ.

ಎರಡು ಕಡೆ ಹೊಸಬರು ಬೀಳುತ್ತಾರೆ. ಒಂದು, ಪದಗಳು ಚಿಕ್ಕದಾಗುತ್ತಿವೆ, ಆದ್ದರಿಂದ ಮೊತ್ತವಿದೆ ಎಂದುಕೊಳ್ಳುವುದು. 1 + 1/2 + 1/3 + 1/4 ಎಂದು ಕೂಡಿಸಿ. ಪದಗಳು ಸೊನ್ನೆಯತ್ತ ಹೋಗುತ್ತವೆ. ಆದರೆ 1/3 + 1/4 ಅರ್ಧಕ್ಕಿಂತ ಹೆಚ್ಚು, 1/5ರಿಂದ 1/8ರವರೆಗಿನ ನಾಲ್ಕೂ ಸೇರಿ ಅರ್ಧಕ್ಕಿಂತ ಹೆಚ್ಚು, ಅದರ ಮುಂದಿನ ಎಂಟೂ ಹಾಗೆಯೇ. ಅರ್ಧಗಳು ಸೇರುತ್ತಲೇ ಇರುವುದರಿಂದ ಮೊತ್ತಕ್ಕೆ ಮಿತಿಯಿಲ್ಲ. ಹದಿನಾಲ್ಕನೇ ಶತಮಾನದ ಓರೆಮ್ ಇದನ್ನು ಕಂಡಿದ್ದ. ಕೂಡಿಸುತ್ತ ಕೂತವರಿಗೆ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಮೊತ್ತ 10 ದಾಟಲು 12,367 ಪದ ಬೇಕು. ಚಿಕ್ಕದಾಗಬೇಕಾದದ್ದು ಪದವಲ್ಲ, ಉಳಿಕೆ.

ಇನ್ನೊಂದು, ಕೋಷ್ಟಕವನ್ನು ನಂಬುವುದು. ಮಿತಿ ಕಂಡುಹಿಡಿಯಲು x = 0.1, 0.01, 0.001 ಹಾಕಿ ನೋಡಿ ಎಂದು ಹೇಳಿಕೊಡುತ್ತಾರೆ. sin(π/x)ಗೆ ಹಾಗೆ ಮಾಡಿದರೆ, ಕೋನವನ್ನು ರೇಡಿಯನ್‌ನಲ್ಲಿ ಇಟ್ಟರೆ, ಪ್ರತಿ ಸಲವೂ 0 ಬರುತ್ತದೆ. ಮಿತಿ 0 ಎಂದು ಬರೆಯಲು ಕೈ ತುರಿಸುತ್ತದೆ. x = 2/5, 2/41, 2/401 ಹಾಕಿ; ಪ್ರತಿ ಸಲವೂ 1. ಸೊನ್ನೆಯ ಎಷ್ಟೇ ಹತ್ತಿರ ಹೋದರೂ 0 ಮತ್ತು 1 ಎರಡೂ ಸಿಗುತ್ತವೆ, ಹಾಗಾಗಿ ಮಿತಿಯೇ ಇಲ್ಲ. ಕೋಷ್ಟಕ ಊಹೆಗೆ ಸಾಕು. ತೀರ್ಪಿಗೆ ಅಂತರದ ಲೆಕ್ಕವೇ ಬೇಕು.

ನಮ್ಮ ಪಿಯುಸಿ ಪಠ್ಯ ಮಿತಿಯನ್ನು ಕೋಷ್ಟಕ ಮತ್ತು ನಕ್ಷೆಗಳಿಂದ ಪರಿಚಯಿಸಿ ಸೂತ್ರಗಳಿಗೆ ಸಾಗುತ್ತದೆ. ε–δ ಸಿಗುವುದು ಪದವಿಯಲ್ಲಿ. ಚಿಹ್ನೆಗಳನ್ನು ಮುಂದೂಡಿದ್ದು ಸರಿ, ಪ್ರಶ್ನೆಯನ್ನೂ ಮುಂದೂಡಿದ್ದು ಸರಿಯಲ್ಲ. ಅಧ್ಯಾಯ ಶುರು ಮಾಡುವ ಮೊದಲು ಮೇಷ್ಟ್ರು 1ನ್ನು 7ರಿಂದ ಭಾಗಿಸಲು ಹೇಳಲಿ. ಪ್ರತಿ ಸಾಲಿನಲ್ಲೂ ಶೇಷವನ್ನು ಅದರ ಸ್ಥಾನಬೆಲೆಯೊಂದಿಗೆ ಬರೆಸಲಿ: 1/7 = 0.1 + 3/70, 1/7 = 0.14 + 2/700. ಉಳಿಕೆ ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಲು ಎಷ್ಟು ಅಂಕಿ ಬೇಕು ಎಂದು ಕೇಳಲಿ. ಅದಕ್ಕೆ ಉತ್ತರ ಬರೆದ ವಿದ್ಯಾರ್ಥಿ ಮಿತಿಯ ಮೊದಲ ಲೆಕ್ಕ ಮಾಡಿ ಮುಗಿಸಿರುತ್ತಾನೆ.